ಮಗುವಿನ ಗೇಮ್ ಖಾತೆ: ಖರ್ಚಿಗೆ ಮಿತಿ, ವಯಸ್ಸಿಗೆ ಬೇಲಿ ಹಾಕುವುದು ಹೇಗೆ

ಹೋದ ದಸರಾ ರಜೆಗೆ ತಿಪಟೂರಿನ ಅಕ್ಕನ ಮನೆಗೆ ಹೋಗಿದ್ದೆ. ಬಾವ ಪಾಸ್‌ಬುಕ್ ಬಿಚ್ಚಿಕೊಂಡು ಕೂತಿದ್ದರು. ಆರು ವಾರದಲ್ಲಿ ಇಪ್ಪತ್ತಾರು ಸಲ ಸಣ್ಣ ಸಣ್ಣ ಮೊತ್ತ ಕಡಿತವಾಗಿತ್ತು. 29 ರೂಪಾಯಿ ಒಂಬತ್ತು ಸಲ, 89 ರೂಪಾಯಿ ಹದಿನಾಲ್ಕು ಸಲ, 449 ರೂಪಾಯಿ ಮೂರು ಸಲ. ಕೂಡಿದರೆ 2,854 ರೂಪಾಯಿ. ಅಂಗಡಿ ವ್ಯವಹಾರದ ನೂರಾರು ಮೆಸೇಜುಗಳ ನಡುವೆ 29 ರೂಪಾಯಿಯದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹತ್ತು ವರ್ಷದ ಮಗನನ್ನು ಕೂರಿಸಿಕೊಂಡು ಕೇಳಿದಾಗ ಅವನು ಏನೂ ಮುಚ್ಚಿಡಲಿಲ್ಲ. ಆಟದೊಳಗೆ ದುಡ್ಡಿನಂತೆ ನಡೆಯುವ ಡೈಮಂಡ್ ಕೊಂಡಿದ್ದ. ಯುಪಿಐ ಪಿನ್ ಹೇಗೆ ಗೊತ್ತಾಯಿತು ಎಂದರೆ, "ಅಪ್ಪನೇ ಹೇಳಿದ್ದು, ಹಾಲಿನ ಅಂಗಡಿಗೆ ಕಳಿಸುವಾಗ" ಎಂದ. ನಿಜವೇ ಆಗಿತ್ತು.

ಅವತ್ತು ಸಂಜೆಯಿಂದ ರಾತ್ರಿ ಊಟದ ಹೊತ್ತಿನವರೆಗೆ ಬಾವನೂ ನಾನೂ ಕೂತು ಎರಡು ಫೋನುಗಳಲ್ಲಿ ಏನೇನು ಮಾಡಿದೆವೋ ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನ ಮಕ್ಕಳು ಆಡುವುದು ಆಂಡ್ರಾಯ್ಡ್ ಫೋನಿನಲ್ಲಿ, ಅದೂ ಅಪ್ಪ ಅಮ್ಮನ ಫೋನಿನಲ್ಲಿ. ಹಾಗಾಗಿ ಅದನ್ನೇ ಮುಖ್ಯವಾಗಿ ಹಿಡಿದುಕೊಂಡಿದ್ದೇನೆ.

ಆಟದೊಳಗಿನ ಮಿತಿಯನ್ನು ನಂಬಿ ಕೂರಬೇಡಿ

ಆಟದ ಕಂಪನಿಯೇ ಮಕ್ಕಳಿಗೆ ಮಿತಿ ಹಾಕಿರುತ್ತದಲ್ಲ ಎಂದು ಬಾವ ಕೇಳಿದರು. ಹಾಕಿರುತ್ತದೆ. ಆದರೆ ಆ ಮಿತಿ ಎಷ್ಟು ಎಂದು ನೋಡಬೇಕು. 2021ರಲ್ಲಿ ಬಿಜಿಎಂಐ ಎಂಬ ಬಂದೂಕಿನ ಆಟ ನಮ್ಮ ದೇಶಕ್ಕೆ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು ಎಂದು ಮಿತಿ ಇಟ್ಟಿತ್ತು. ತಿಂಗಳಿಗಲ್ಲ, ದಿನಕ್ಕೆ. ಎಷ್ಟೋ ಮನೆಗಳಲ್ಲಿ ಅದು ತಿಂಗಳ ದಿನಸಿಯ ಹಣ. ಜೊತೆಗೆ ಇಂಥ ಮಿತಿಗಳು ಆಡುವವರು ತಾವೇ ಹೇಳಿಕೊಂಡ ವಯಸ್ಸಿನ ಮೇಲೆ ನಿಂತಿರುತ್ತವೆ. ಹುಟ್ಟಿದ ವರ್ಷವನ್ನು ಮೇಲೆ ಕೆಳಗೆ ತಿರುಗಿಸುವ ಚಕ್ರ ಮಗುವಿನ ಬೆರಳಿನಡಿಯಲ್ಲೇ ಇರುತ್ತದೆ.

ಇನ್ನು ಕೆಲವರು ಸರ್ಕಾರವೇ ಎಲ್ಲ ನಿಲ್ಲಿಸಿದೆ ಎಂದುಕೊಂಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಪಾತ್ರಕ್ಕೆ ಹೊಸ ಬಟ್ಟೆ, ಬಂದೂಕಿಗೆ ಹೊಸ ಬಣ್ಣ, ಡೈಮಂಡು, ಯುಸಿ, ರೋಬಕ್ಸ್ ಎಂಬ ಆಟದೊಳಗಿನ ನಾಣ್ಯ ಕೊಳ್ಳುವುದು ಆ ನಿಷೇಧದೊಳಗೆ ಬರುವುದಿಲ್ಲ. ಅದು ಎಂದಿನಂತೆ ನಡೆಯುತ್ತಿದೆ.

ಹಣ ಮನೆಯಿಂದ ಹೊರಗೆ ಹೋಗುವುದು ಆಟದ ಬಾಗಿಲಿನಿಂದಲ್ಲ. ಫೋನಿನಲ್ಲಿರುವ ಗೂಗಲ್ ಖಾತೆ ಒಂದು ಬಾಗಿಲು, ಯುಪಿಐ ಇನ್ನೊಂದು, ಕಾರ್ಡು ಮತ್ತೊಂದು. ಬೀಗ ಹಾಕಬೇಕಾದದ್ದು ಅಲ್ಲಿ.

ಮೊದಲು: ಮಗು ಯಾರ ಖಾತೆಯಲ್ಲಿ ಆಡುತ್ತಿದೆ?

ಮಗು ಆಡುವ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು ಬಲ ಮೇಲ್ತುದಿಯ ದುಂಡು ಚಿತ್ರ ಒತ್ತಿ. ಅಲ್ಲಿ ಕಾಣುವ ಜಿಮೇಲ್ ಯಾರದು? ಅಕ್ಕನ ಮನೆಯಲ್ಲಿ ಅದು ಬಾವನದೇ ಆಗಿತ್ತು. ಅಂದರೆ ಗೂಗಲ್ ಲೆಕ್ಕದಲ್ಲಿ ಆ ಡೈಮಂಡುಗಳನ್ನು ಕೊಂಡದ್ದು ನಲವತ್ತಮೂರು ವರ್ಷದ ಕೊಬ್ಬರಿ ವ್ಯಾಪಾರಿ. ಅವರಿಗೆ ವಯಸ್ಸಿನ ಮಿತಿಯೂ ಇಲ್ಲ, ಖರ್ಚಿನ ಮಿತಿಯೂ ಇಲ್ಲ. ಈ ಸ್ಥಿತಿಯಲ್ಲಿ ಮಗುವಿಗೆಂದು ಯಾವ ಸೆಟ್ಟಿಂಗ್ ಹಾಕಿದರೂ ಅದು ಹತ್ತುವ ಜಾಗವೇ ಇಲ್ಲ.

ಒಟಿಪಿಯ ಸಂಗತಿಯೂ ಇದಕ್ಕೆ ಸೇರಿದ್ದು. ನಮ್ಮ ದೇಶದಲ್ಲಿ ಕಾರ್ಡಿನಿಂದ ಆನ್‌ಲೈನಿನಲ್ಲಿ ಕೊಳ್ಳಬೇಕಾದರೆ ಸಾಮಾನ್ಯವಾಗಿ ಒಟಿಪಿ ಬೇಕು, ಯುಪಿಐಗೆ ಪಿನ್ ಬೇಕು. ಅಷ್ಟು ಭದ್ರ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ. ಆದರೆ ಒಟಿಪಿ ಬರುವುದು ಸಿಮ್ ಇರುವ ಫೋನಿಗೆ, ಆ ಫೋನೇ ಮಗುವಿನ ಕೈಯಲ್ಲಿ. ಬೀಗವೂ ಕೀಲಿಯೂ ಒಂದೇ ಜೇಬಿನಲ್ಲಿದ್ದಂತೆ ಆಯಿತು.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಮಾತು: ಆಟಕ್ಕೆ ಸಿಮ್ ಇಲ್ಲದ ಹಳೆಯ ಫೋನ್ ಕೊಡಿ. ಪ್ರತಿ ಮನೆಯಲ್ಲೂ ಗಾಜು ಬಿರುಕು ಬಿಟ್ಟ, ಬ್ಯಾಟರಿ ಸ್ವಲ್ಪ ಸೋತ ಒಂದು ಹಳೆಯ ಫೋನ್ ಕಪಾಟಿನಲ್ಲಿ ಇರುತ್ತದೆ. ಅದರಲ್ಲಿರುವುದನ್ನೆಲ್ಲ ಅಳಿಸಿ, ಹೊಸದರಂತೆ ಮಾಡಿ, ಮನೆಯ ವೈಫೈಗೆ ಜೋಡಿಸಿ. ಸಿಮ್ ಇಲ್ಲದ ಫೋನಿಗೆ ಬ್ಯಾಂಕಿನ ಒಟಿಪಿ ಮೆಸೇಜ್ ಬರುವುದಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇಲ್ಲದೆ ಅದರಲ್ಲಿ ಯುಪಿಐ ಆ್ಯಪ್ ಹೊಸದಾಗಿ ನೋಂದಾಯಿಸಲೂ ಆಗುವುದಿಲ್ಲ. ಒಂದೇ ಒಂದು ಸೆಟ್ಟಿಂಗ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಮಗುವಿಗೆ ತನ್ನದೇ ಖಾತೆ

ನಿಮ್ಮ ಫೋನಿನಲ್ಲಿ ಗೂಗಲ್‌ನ Family Link ಎಂಬ ಆ್ಯಪ್ ಹಾಕಿಕೊಳ್ಳಿ. ದುಡ್ಡಿಲ್ಲ. ಮಗುವಿಗೆ ಖಾತೆ ಇಲ್ಲದಿದ್ದರೆ ಅದರಲ್ಲೇ ಹೊಸದು ಮಾಡಬಹುದು. ಹೆಸರು, ಹುಟ್ಟಿದ ದಿನ, ಪಾಸ್‌ವರ್ಡ್ ಕೊಟ್ಟು, ಪೋಷಕರಾಗಿ ನಿಮ್ಮ ಒಪ್ಪಿಗೆ ಕೊಟ್ಟರೆ ಖಾತೆ ತಯಾರು. ಆಮೇಲೆ ಹಳೆಯ ಫೋನಿನಲ್ಲಿ ಆ ಖಾತೆಯಿಂದ ಲಾಗಿನ್ ಆಗಿ. ಪರದೆ ಕೇಳಿದಾಗ ನಿಮ್ಮ ಪಾಸ್‌ವರ್ಡನ್ನು ನೀವೇ ಹಾಕಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲ.

ಹುಟ್ಟಿದ ದಿನ ನಿಜವಾದದ್ದನ್ನೇ ಕೊಡಿ. ಇಲ್ಲಿ ಎಷ್ಟೋ ಜನ ತಂದೆತಾಯಿ ತಾವೇ ತಪ್ಪುತ್ತಾರೆ. 13ಕ್ಕಿಂತ ಕಡಿಮೆ ಎಂದರೆ ಏನೇನೋ ಕೇಳುತ್ತದೆ ಎಂದು ಬೇಜಾರಾಗಿ 2000ನೇ ಇಸವಿ ಎಂದು ಹಾಕಿಬಿಡುತ್ತಾರೆ. ಆ ಒಂದು ಸುಳ್ಳಿನಿಂದ ಮಗು ಕಂಪನಿಗಳ ಕಣ್ಣಿಗೆ ಪೂರ್ತಿ ವಯಸ್ಕನಾಗುತ್ತದೆ, ಮುಂದಿನ ಎಲ್ಲ ಬೇಲಿಗಳೂ ಬಿದ್ದುಹೋಗುತ್ತವೆ.

ಮಗುವಿಗೆ ಈಗಾಗಲೇ ಖಾತೆ ಇದ್ದರೆ ಅದರ ಫೋನಿನಲ್ಲಿ Settings ತೆರೆದು, Google ಎಂಬಲ್ಲಿ Parental controls ಹುಡುಕಿ. ಅಲ್ಲಿಂದ ನಿಮ್ಮ ಖಾತೆಯ ಮೇಲ್ವಿಚಾರಣೆಗೆ ಅದನ್ನು ಸೇರಿಸಬಹುದು. ಆ ಖಾತೆಯಲ್ಲಿ ತಪ್ಪು ವಯಸ್ಸು ಇದ್ದರೆ ಮೊದಲು ಗೂಗಲ್ ಖಾತೆಯ Personal info ಪುಟದಲ್ಲಿ Birthday ಸರಿಮಾಡಿ. ಒಂದು ಎಚ್ಚರಿಕೆ: 13ರ ಒಳಗಿನ ವಯಸ್ಸಿಗೆ ಬದಲಿಸಿದ ಮೇಲೆ ಮೇಲ್ವಿಚಾರಣೆ ಹೊಂದಿಸಲು 14 ದಿನ ಸಮಯ ಇರುತ್ತದೆ, ಅಷ್ಟರೊಳಗೆ ಮಾಡದಿದ್ದರೆ ಖಾತೆಯನ್ನೇ ನಿಲ್ಲಿಸುತ್ತಾರೆ. ಹಾಗಾಗಿ ಎರಡೂ ಕೆಲಸವನ್ನು ಒಂದೇ ಕೂತಿನಲ್ಲಿ ಮುಗಿಸಿ.

ಈ ಹಂತದಲ್ಲಿ ಮನೆಯಲ್ಲಿ ಅಳು ಕೇಳಿಸುವುದು ಖಂಡಿತ. ಆಟದಲ್ಲಿ ಗಳಿಸಿದ ಮಟ್ಟ, ಪದಕ, ಬಟ್ಟೆಬರೆ ಎಲ್ಲ ಹಳೆಯ ಲಾಗಿನ್‌ಗೆ ಅಂಟಿಕೊಂಡಿರುತ್ತವೆ. ಅಪ್ಪನ ಜಿಮೇಲ್‌ನಿಂದ ಆಡುತ್ತಿದ್ದ ಆಟವನ್ನು ಹೊಸ ಖಾತೆಗೆ ಸಾಗಿಸಲು ಎಲ್ಲ ಆಟಗಳಲ್ಲೂ ದಾರಿ ಇರುವುದಿಲ್ಲ. ಅಕ್ಕನ ಮಗ ಒಂದು ಗಂಟೆ ಹೊತ್ತು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಕರಗಿಹೋಗಿ, "ಸರಿ, ಅಪ್ಪನ ಖಾತೆಯನ್ನೂ ಆ ಫೋನಿಗೆ ಸೇರಿಸಿಬಿಡೋಣ" ಎಂದು ಹೊರಡಬೇಡಿ. ಅಪ್ಪನ ಖಾತೆಯ ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡ ಆಟದ ಖರೀದಿ ಅಪ್ಪನ ಖಾತೆಗೇ ಹೋಗುತ್ತದೆ, ಮಗುವಿನ ಖಾತೆಯ ಯಾವ ಮಿತಿಯೂ ಅದಕ್ಕೆ ತಾಗುವುದಿಲ್ಲ. ಆಟದ ಸೆಟ್ಟಿಂಗ್‌ನಲ್ಲಿ ಖಾತೆ ಬದಲಿಸುವ ದಾರಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹೊಸದಾಗಿ ಶುರುಮಾಡಬೇಕಾಗುತ್ತದೆ ಎಂದು ಮಗುವಿಗೆ ಒಂದು ದಿನ ಮೊದಲೇ ಹೇಳಿಡಿ. ಅಷ್ಟು ಹೇಳಿದ್ದರೆ ನಮ್ಮ ಹುಡುಗನಿಗೂ ಅಷ್ಟು ನೋವಾಗುತ್ತಿರಲಿಲ್ಲ.

ಖರೀದಿಗೆ ಒಪ್ಪಿಗೆ

Family Link ತೆರೆದು ಮಗುವಿನ ಹೆಸರು ಒತ್ತಿ, Controls ಒಳಗೆ Google Play ಹುಡುಕಿ. ಕೆಲವು ಆವೃತ್ತಿಗಳಲ್ಲಿ ಅದು Content restrictions ಒಳಗೆ ಇರುತ್ತದೆ. ಅಲ್ಲಿ ಖರೀದಿ ಮತ್ತು ಡೌನ್‌ಲೋಡ್‌ಗೆ ಒಪ್ಪಿಗೆ ಬೇಕೇ ಎಂಬ ಸಾಲು ಇದೆ. ಅದರಲ್ಲಿ ನಾಲ್ಕು ಆಯ್ಕೆಗಳು. ಎಲ್ಲಕ್ಕೂ ಒಪ್ಪಿಗೆ ಬೇಕು, ಹಣ ಕೊಡಬೇಕಾದ್ದಕ್ಕೆ ಮಾತ್ರ ಬೇಕು, ಆಟದೊಳಗಿನ ಖರೀದಿಗೆ ಮಾತ್ರ ಬೇಕು, ಯಾವುದಕ್ಕೂ ಬೇಡ. ನೀವು All content ಆರಿಸಿ. ಹಣದ ಖರೀದಿಗೆ ಮಾತ್ರ ಒಪ್ಪಿಗೆ ಸಾಕಲ್ಲವೇ ಎಂದು ಅನ್ನಿಸಬಹುದು, ಆದರೆ ಡೈಮಂಡಿನ ಆಟಗಳೆಲ್ಲ ಬಿಟ್ಟಿಯಾಗಿಯೇ ಫೋನಿಗೆ ಬರುತ್ತವೆ. ಬರುವಾಗಲೇ ನಿಮಗೆ ಗೊತ್ತಾಗಬೇಕು.

ಇನ್ನು ಮೇಲೆ ಮಗು ಏನನ್ನಾದರೂ ಕೊಳ್ಳಹೊರಟರೆ ಪರದೆ ಅಲ್ಲಿಗೇ ನಿಂತು ಪೋಷಕರನ್ನು ಕೇಳು ಎನ್ನುತ್ತದೆ. ಕೇಳುವುದಕ್ಕೆ ಎರಡು ದಾರಿ ಇವೆ. ಒಂದು, ನಿಮ್ಮ ಫೋನಿಗೆ ಕೋರಿಕೆ ಕಳಿಸುವುದು. ಇನ್ನೊಂದು, ನೀವೇ ಮಗುವಿನ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿ ಅಲ್ಲೇ ಒಪ್ಪುವುದು. ಎರಡನೆಯದು ಬೇಡವೇ ಬೇಡ. ಅಡುಗೆ ಮಾಡುತ್ತಾ, ಗ್ಯಾಸ್ ಕಡೆ ಒಂದು ಕಣ್ಣು ಇಟ್ಟು ಅಮ್ಮ ಒತ್ತುವ ಹತ್ತು ಅಕ್ಷರಗಳನ್ನು ಮಗು ಎರಡನೇ ಸಲಕ್ಕೆ ಕಂಠಪಾಠ ಮಾಡಿರುತ್ತದೆ. ಯಾವಾಗಲೂ ನಿಮ್ಮ ಫೋನಿನಿಂದಲೇ ಉತ್ತರ ಕೊಡಿ.

ಈ ಒಪ್ಪಿಗೆಗೂ ಎಲ್ಲೆಗಳಿವೆ. ಮೊದಲೇ ಇಳಿಸಿಕೊಂಡ ಆಟಗಳ ಡೌನ್‌ಲೋಡಿಗೆ ಹೊಸ ನಿಯಮ ಹಿಂದಿನಿಂದ ತಾಗುವುದಿಲ್ಲ. ಅಂಥವನ್ನು ನೀವೇ ಕೂತು ತೆಗೆದುಹಾಕಬೇಕು ಅಥವಾ Family Link ನಲ್ಲಿ ಒಂದೊಂದಾಗಿ ತಡೆಯಬೇಕು. ಇದಕ್ಕಿಂತ ದೊಡ್ಡ ಸಂಗತಿ ಎಂದರೆ, ಈ ಒಪ್ಪಿಗೆ ಗೂಗಲ್ ಪ್ಲೇ ಮೂಲಕ ನಡೆಯುವ ಪಾವತಿಗೆ ಮಾತ್ರ ಅನ್ವಯಿಸುತ್ತದೆ. ಆಟಗಾರನ ಐಡಿ ಹಾಕಿ, ವೆಬ್‌ಸೈಟಿನಲ್ಲಿ ಯುಪಿಐ ಮೂಲಕ ಹಣ ಕಟ್ಟಿ ಡೈಮಂಡ್ ತುಂಬಿಸುವ ಟಾಪ್-ಅಪ್ ತಾಣಗಳಿವೆ. ಅಲ್ಲಿ ಕೊಂಡರೆ Family Link ಗೆ ಸುದ್ದಿಯೇ ಇರುವುದಿಲ್ಲ. ಆ ಐಡಿ ಗುಟ್ಟಿನದಲ್ಲ, ಗೆಳೆಯನ ಮನೆಯ ಫೋನಿನಿಂದಲೂ ಕಟ್ಟಬಹುದು. ಆಟದಲ್ಲಿ ಇದ್ದಕ್ಕಿದ್ದಂತೆ ಹೊಸ ಬಟ್ಟೆ, ಹೊಸ ಬಂದೂಕು ಕಂಡರೆ, ನಿಮ್ಮ ಫೋನಿಗೆ ಕೋರಿಕೆ ಬಂದಿಲ್ಲದಿದ್ದರೆ, ಹಣ ಬೇರೆ ದಾರಿಯಿಂದ ಬಂದಿದೆ ಎಂದು ತಿಳಿಯಿರಿ. ಗದರದೆ ಕೇಳಿ. ಕೆಲವೊಮ್ಮೆ ಅದು ಅಜ್ಜಿ ಕೈಗಿಟ್ಟ ಹಬ್ಬದ ಕಾಸೂ ಆಗಿರಬಹುದು, ಶಾಲೆಯಲ್ಲಿ ದೊಡ್ಡ ಹುಡುಗನೊಬ್ಬನಿಗೆ ಕೊಟ್ಟು ಹಾಕಿಸಿಕೊಂಡದ್ದೂ ಆಗಿರಬಹುದು.

ತಿಂಗಳಿಗೆ ಇಷ್ಟೇ ಎಂದು ಕಟ್ಟುವುದು

ಒಪ್ಪಿಗೆ ಬೇರೆ, ಮಿತಿ ಬೇರೆ. ಒಂದೊಂದೇ ಕೋರಿಕೆಗೆ "ಹೋಗಲಿ, 89 ತಾನೇ" ಎಂದು ಒಪ್ಪುತ್ತಾ ಹೋದರೆ ತಿಂಗಳ ಕೊನೆಗೆ ಬಾವನ ಪಾಸ್‌ಬುಕ್ಕೇ ಆಗುತ್ತದೆ. ಒಪ್ಪಿಗೆಯ ಆ ಸೆಟ್ಟಿಂಗ್ ತಿಂಗಳ ಮೊತ್ತವನ್ನು ಕೂಡಿಸಿ ಸಾಕು ಎನ್ನುವುದಿಲ್ಲ.

ಪ್ಲೇ ಸ್ಟೋರಿನಲ್ಲಿ Payments & subscriptions ಒಳಗೆ Budget & history ಎಂಬ ಪುಟ ಇದೆ, ಅಲ್ಲಿ Set budget ಒತ್ತಿ ತಿಂಗಳಿಗೆ ಇಂತಿಷ್ಟು ಎಂದು ಹಾಕಬಹುದು. ಹೆಸರು ನೋಡಿ ಎಷ್ಟೋ ಜನ ನಿರಾಳರಾಗುತ್ತಾರೆ. ಅದು ಹಣ ಹತ್ತಿರ ಬಂತು, ಮೀರಿತು ಎಂದು ಹೇಳುತ್ತದೆಯೇ ಹೊರತು ಖರೀದಿಯನ್ನು ತಡೆಯುವುದಿಲ್ಲ. ನಿಮ್ಮ ಸ್ವಂತ ಲೆಕ್ಕಕ್ಕೆ ಒಳ್ಳೆಯದು, ಮಗುವಿಗೆ ಹಾಕುವ ಬೇಲಿ ಅದಲ್ಲ.

ಗಟ್ಟಿಯಾದ ಮಿತಿ ಬೇಕಾದರೆ ನನಗೆ ಕಂಡ ಸರಳ ದಾರಿ ಗೂಗಲ್ ಪ್ಲೇ ಗಿಫ್ಟ್ ಕೋಡ್. ಮಗುವಿನ ಖಾತೆಗೆ ಕಾರ್ಡನ್ನಾಗಲಿ ಯುಪಿಐ ಐಡಿಯನ್ನಾಗಲಿ ಸೇರಿಸಲೇಬೇಡಿ. ಬದಲಿಗೆ ನೀವು ಒಪ್ಪಿದ ಮೊತ್ತದ ಕೋಡ್ ಕೊಂಡು ಆ ಖಾತೆಯಲ್ಲಿ Redeem code ಮೂಲಕ ತುಂಬಿ. ಅಷ್ಟು ಮುಗಿದರೆ ಮುಗಿಯಿತು, ಖರ್ಚಾಗಲು ಬೇರೆ ಹಣವೇ ಇಲ್ಲ.

ಅಕ್ಕನ ಮನೆಯಲ್ಲಿ ಲೆಕ್ಕ ಹೀಗಾಯಿತು. ಹುಡುಗನ ಕೈಖರ್ಚಿನಲ್ಲಿ ತಿಂಗಳಿಗೆ 100 ರೂಪಾಯಿ ಆಟಕ್ಕೆ ಎಂದು ಅಕ್ಕ ಒಪ್ಪಿದಳು. ಅವನಿಗೆ ಇಷ್ಟವಾದ ಡೈಮಂಡಿನ ಕಟ್ಟು 89ರದ್ದು. ಮೊದಲ ತಿಂಗಳು 89 ಖರ್ಚಾಗಿ 11 ಉಳಿಯಿತು. ಎರಡನೇ ತಿಂಗಳು 100 ಸೇರಿ 111 ಆಯಿತು. 449ರ ಕಟ್ಟು ಬೇಕೆಂದರೆ ಏನೂ ಕೊಳ್ಳದೆ ಐದು ತಿಂಗಳು ಕೂಡಿಸಬೇಕು ಎಂದು ಅವನೇ ಬೆರಳು ಮಡಚಿ ಲೆಕ್ಕ ಹಾಕಿದ. ಆಟದೊಳಗೆ ಎಲ್ಲದರ ಬೆಲೆಯೂ ಡೈಮಂಡಿನಲ್ಲಿ ಇರುವುದರಿಂದ ರೂಪಾಯಿಯ ಅಂದಾಜು ಮಕ್ಕಳಿಗೆ ಸಿಗುವುದಿಲ್ಲ. ಕಟ್ಟಿನಲ್ಲಿ ಬರುವ ಡೈಮಂಡಿಗೂ ವಸ್ತುವಿನ ಬೆಲೆಗೂ ಸರಿಹೊಂದದೆ ಪ್ರತಿ ಸಲ ಸ್ವಲ್ಪ ಉಳಿಯುತ್ತದೆ, ಆ ಉಳಿಕೆಯನ್ನು ಬಳಸುವ ಆಸೆಗೆ ಇನ್ನೊಂದು ಕಟ್ಟು. ರೂಪಾಯಿಯಲ್ಲಿ ಉಳಿಕೆ ಕಂಡಾಗ ಹುಡುಗ ಯೋಚಿಸಲು ಶುರುಮಾಡಿದ.

ಕೋಡ್ ಕೊಳ್ಳುವಾಗ ಗುರುತಿರುವ ಆ್ಯಪ್ ಅಥವಾ ಅಂಗಡಿಯಿಂದಲೇ ಕೊಳ್ಳಿ. ಅರ್ಧ ಬೆಲೆಗೆ ಕೋಡ್ ಕೊಡುತ್ತೇವೆ, ಬಿಟ್ಟಿ ಡೈಮಂಡ್ ಹಾಕುತ್ತೇವೆ ಎಂದು ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವವರಿಂದ ಬೇಡ. ಕೋಡನ್ನು ನೀವೇ ತುಂಬಿ, ಸಂಖ್ಯೆಯನ್ನು ಮಗುವಿನ ಕೈಗೆ ಕೊಡಬೇಡಿ. ಆಟದ ಚಾಟಿನಲ್ಲಿ ಯಾರೋ ಕೇಳಿದರು ಎಂದು ಮಗು ಕೊಟ್ಟುಬಿಟ್ಟರೆ ಆ ಹಣ ಇನ್ನೊಬ್ಬರ ಖಾತೆ ಸೇರುತ್ತದೆ.

ನಿಮ್ಮ ಫೋನಿನ ಬೀಗಗಳು

ಹಳೆಯ ಫೋನ್ ಕೊಟ್ಟರೂ ಮಗು ನಿಮ್ಮ ಫೋನ್ ಮುಟ್ಟುವುದೇ ಇಲ್ಲ ಎಂದೇನಿಲ್ಲ. ಬೇರೆ ಫೋನ್ ಕೊಡಲು ಅನುಕೂಲವೇ ಇಲ್ಲದ ಮನೆಗಳೂ ಬಹಳ. ಅವರಿಗೆ ಈ ಭಾಗವೇ ಮುಖ್ಯ.

ನಿಮ್ಮ ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ Purchase verification ಎಂಬುದನ್ನು ಹುಡುಕಿ. ಪ್ರತಿ ಖರೀದಿಗೂ ಗುರುತು ಕೇಳಬೇಕು ಎಂಬ ಆಯ್ಕೆ ಹಾಕಿ. 30 ನಿಮಿಷಕ್ಕೊಮ್ಮೆ ಕೇಳುವ ಆಯ್ಕೆಯನ್ನು ಇಟ್ಟರೆ, ನೀವು ಒಂದು ಖರೀದಿಗೆ ಒಪ್ಪಿ ಫೋನ್ ಕೊಟ್ಟ ಮೇಲೆ ಮುಂದಿನ ಅರ್ಧ ಗಂಟೆ ಬಾಗಿಲು ತೆರೆದೇ ಇರುತ್ತದೆ. ಬೆರಳಚ್ಚಿನಿಂದ ಒಪ್ಪುವ ಸೌಕರ್ಯ ಇಟ್ಟುಕೊಂಡಿದ್ದರೆ ಫೋನಿನಲ್ಲಿ ಯಾರ ಯಾರ ಬೆರಳು ನೋಂದಾಗಿದೆ ಎಂದು ಈಗಲೇ ನೋಡಿ. ಬಾವನ ಫೋನಿನಲ್ಲಿ ಮೂರು ಬೆರಳುಗಳಿದ್ದವು. ಒಂದೊಂದಾಗಿ ಇಟ್ಟು ನೋಡಿದಾಗ ಮೂರನೆಯದು ಮಗನ ಹೆಬ್ಬೆರಳು. "ಲಾಕ್ ತೆಗೆಯಲಿ ಎಂದು ನಾನೇ ಹಾಕಿಸಿದ್ದೆ" ಎಂದರು. ಲಾಕ್ ತೆಗೆಯುವ ಬೆರಳು ಖರೀದಿಗೂ ಒಪ್ಪಿಗೆ ಕೊಡುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಮುಂದಿನದು ಯುಪಿಐ. ಪಿನ್ ಬದಲಿಸಿ, ಮಗುವಿನ ಮುಂದೆ ಹೇಳಬೇಡಿ, ಅಂಗಡಿಗೆ ಕಳಿಸುವಾಗ ನೋಟು ಕೊಟ್ಟು ಕಳಿಸಿ. ಯುಪಿಐ ಲೈಟ್ ಚಾಲೂ ಇದ್ದರೆ ಅದಕ್ಕೆ ಪಿನ್ನೇ ಬೇಡ ಎಂಬುದು ನೆನಪಿರಲಿ. ಈಗ ಅದರಲ್ಲಿ ಒಟ್ಟು 5,000 ರೂಪಾಯಿವರೆಗೆ ಇಡಬಹುದು, ಒಂದು ಸಲಕ್ಕೆ 1,000 ರೂಪಾಯಿವರೆಗೆ ಕಟ್ಟಬಹುದು. ಮಗು ಆಡುವ ಫೋನಾದರೆ ಲೈಟ್ ಮುಚ್ಚಿ, ಹಣವನ್ನು ಬ್ಯಾಂಕ್ ಖಾತೆಗೆ ವಾಪಸ್ ಹಾಕಿಕೊಳ್ಳಿ. ಯುಪಿಐ ಆ್ಯಪಿನಲ್ಲೇ Autopay ಎಂಬ ಪುಟವನ್ನೂ ತೆರೆದು ನೋಡಿ. ವಾರದ ಪಾಸ್, ತಿಂಗಳ ಪಾಸ್ ಎಂದು ಆಟಗಳಲ್ಲಿ ಇರುವ ಚಂದಾಗಳಿಗೆ ಒಮ್ಮೆ ಒಪ್ಪಿದರೆ ಮತ್ತೆ ಪಿನ್ ಕೇಳದೆ ಹಣ ಹೋಗುತ್ತಿರುತ್ತದೆ. ಆಟವನ್ನು ಫೋನಿನಿಂದ ಕಿತ್ತುಹಾಕಿದರೂ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ Subscriptions ಪುಟದಲ್ಲಿ ಅದನ್ನು ರದ್ದು ಮಾಡಬೇಕು.

ಕಾರ್ಡಿಗೆ ಬ್ಯಾಂಕಿನ ಆ್ಯಪಿನಲ್ಲೇ ಬೀಗವಿದೆ. ಆನ್‌ಲೈನ್ ಬಳಕೆಯನ್ನು ಪೂರ್ತಿ ನಿಲ್ಲಿಸಲು, ಬೇಕೆಂದಾಗ ತೆರೆಯಲು, ಮೊತ್ತಕ್ಕೆ ಮಿತಿ ಹಾಕಲು ರಿಸರ್ವ್ ಬ್ಯಾಂಕ್ 2020ರಿಂದಲೇ ಬ್ಯಾಂಕುಗಳಿಗೆ ಹೇಳಿದೆ. ಬಳಸದ ದಿನ ಆಫ್ ಮಾಡಿಡಿ.

ಒಂದೇ ಫೋನ್ ಇರುವ ಮನೆಯಲ್ಲಿ ಇನ್ನೊಂದು ಉಪಾಯ ಕೆಲಸಕ್ಕೆ ಬರುತ್ತದೆ. ಫೋನಿನ ಭದ್ರತೆಯ ಸೆಟ್ಟಿಂಗಿನಲ್ಲಿ App pinning ಎಂದು ಇರುತ್ತದೆ, ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ. ಆಟ ತೆರೆದು ಅದನ್ನು ಪಿನ್ ಮಾಡಿ ಕೊಟ್ಟರೆ, ಹೊರಬರುವಾಗ ಲಾಕ್ ಕೇಳುವಂತೆ ಇಟ್ಟಿದ್ದರೆ, ಮಗು ಆ ಆಟ ಬಿಟ್ಟು ಮೆಸೇಜಿಗಾಗಲಿ ಯುಪಿಐಗಾಗಲಿ ಹೋಗಲು ಆಗುವುದಿಲ್ಲ.

ವಯಸ್ಸಿನ ಬೇಲಿ

Family Link ನ ಅದೇ Google Play ಭಾಗದಲ್ಲಿ ಆಟಗಳಿಗೆ ವಯಸ್ಸಿನ ದರ್ಜೆ ಆರಿಸಬಹುದು. ನಮ್ಮ ದೇಶದ ಪ್ಲೇ ಸ್ಟೋರಿನಲ್ಲಿ ಕಾಣುವ ದರ್ಜೆಗಳು 3+, 7+, 12+, 16+, 18+. ಹತ್ತು ವರ್ಷದ ಮಗುವಿಗೆ 7+ ಇಟ್ಟು, ಅದಕ್ಕಿಂತ ಮೇಲಿನ ಒಂದು ಆಟ ಬೇಕೆಂದು ಕೇಳಿದರೆ ಅದೊಂದನ್ನೇ ಕೂತು ನೋಡಿ ತೀರ್ಮಾನಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಂದು ಆಟಕ್ಕಾಗಿ ಇಡೀ ಬೇಲಿಯನ್ನು 16ಕ್ಕೆ ಎತ್ತಿದರೆ ಅದರ ಜೊತೆ ಸಾವಿರ ಆಟಗಳು ಒಳಗೆ ಬರುತ್ತವೆ. ನಿಮ್ಮದೇ ಖಾತೆಯ ಫೋನಾದರೆ ಪ್ಲೇ ಸ್ಟೋರ್ ಸೆಟ್ಟಿಂಗಿನ Family ಒಳಗೆ Parental controls ಇದೆ, ಅಲ್ಲಿ ನಾಲ್ಕಂಕಿಯ ಪಿನ್ ಇಟ್ಟು ಇದೇ ದರ್ಜೆ ಹಾಕಬಹುದು. ಯುಪಿಐ ಪಿನ್ನನ್ನೇ ಇಲ್ಲೂ ಇಡಬೇಡಿ.

ಈ ದರ್ಜೆ ಹೇಳುವುದು ಆಟದಲ್ಲಿ ಹೊಡೆದಾಟ, ರಕ್ತ, ಬೈಗುಳ ಎಷ್ಟಿದೆ ಎಂಬಂಥ ಸಂಗತಿಯನ್ನು. ಮಾತಾಡಲು ಬರುವ ಅಪರಿಚಿತರು ಎಂಥವರು ಎಂಬುದನ್ನು ಅದು ಅಳೆಯಲಾರದು. ಹಾಗಾಗಿ ದರ್ಜೆಯ ಅಂಕಿಯಷ್ಟೇ ನೋಡಿ ಬಿಡದೆ ಆಟದ ಪುಟದಲ್ಲಿ About this game ಒತ್ತಿ ಕೆಳಗಿನವರೆಗೂ ಓದಿ. ಬಳಕೆದಾರರು ಪರಸ್ಪರ ಮಾತಾಡಬಹುದು ಎಂಬ ಗುರುತು ಇದೆಯೇ, ಆಟದೊಳಗೆ ಖರೀದಿ ಇದೆಯೇ, ಒಂದು ವಸ್ತುವಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದೆಲ್ಲ ಅಲ್ಲಿ ಇರುತ್ತದೆ. ಗರಿಷ್ಠ ಬೆಲೆ ಸಾವಿರಗಳಲ್ಲಿ ಕಂಡರೆ ಬೆಚ್ಚಬೇಡಿ, ಆದರೆ ನೆನಪಿಟ್ಟುಕೊಳ್ಳಿ. Random Items ಎಂಬ ಪದ ಕಂಡರೆ ಅದು ಅದೃಷ್ಟದ ಚಕ್ರ, ಪೆಟ್ಟಿಗೆ ಒಡೆಯುವುದು ಇತ್ಯಾದಿ. ಹಣ ಕೊಟ್ಟ ಮೇಲೂ ಬೇಕಾದ್ದು ಸಿಗುತ್ತದೆ ಎಂಬ ಖಾತ್ರಿ ಇಲ್ಲದ ಖರೀದಿ ಅದು. ನಮ್ಮ ಹುಡುಗನ 89ರ ಕಟ್ಟುಗಳಲ್ಲಿ ಹೆಚ್ಚಿನವು ಒಂದೇ ಒಂದು ಬಂದೂಕಿನ ಬಣ್ಣಕ್ಕಾಗಿ ಆ ಚಕ್ರಕ್ಕೆ ಹೋಗಿದ್ದವು, ಬಣ್ಣ ಮಾತ್ರ ಸಿಕ್ಕಿರಲಿಲ್ಲ. ಇಂಥ ಗುರುತಿರುವ ಆಟಗಳಿಗೆ ನಾನು ಹನ್ನೆರಡರ ಒಳಗಿನ ಮಕ್ಕಳಿಗೆ ಒಪ್ಪಿಗೆ ಕೊಡುವುದಿಲ್ಲ.

ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಎಪಿಕೆ ಎಂಬ ಆ್ಯಪ್ ಫೈಲುಗಳಿಗೆ ಈ ದರ್ಜೆ ತಾಗುವುದಿಲ್ಲ. ಬಿಟ್ಟಿ ಡೈಮಂಡ್ ಕೊಡುವ "ಮಾಡ್" ಎಂದು ಮಕ್ಕಳು ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದು ಅದನ್ನೇ. Family Link ನಲ್ಲಿ ಮಗುವಿನ ಫೋನಿನ ಸೆಟ್ಟಿಂಗ್ ತೆರೆದು unknown sources ಎಂಬುದನ್ನು ತಡೆದುಬಿಡಿ.

ಹಾಕಿದ ಬೀಗವನ್ನು ಎಳೆದು ನೋಡಿ

ಎಲ್ಲ ಮುಗಿದ ಮೇಲೆ ಮಗುವಿನ ಫೋನ್ ತೆಗೆದುಕೊಂಡು ಆಟದ ಅಂಗಡಿಯಲ್ಲಿ ತೀರಾ ಚಿಕ್ಕ ಕಟ್ಟನ್ನು ಕೊಳ್ಳಹೊರಡಿ. ಪೋಷಕರನ್ನು ಕೇಳು ಎಂಬ ಪರದೆ ಬರಬೇಕು, ನಿಮ್ಮ ಫೋನಿಗೆ ಕೋರಿಕೆ ಬರಬೇಕು. ಅದರ ಬದಲು ನೇರವಾಗಿ ಯುಪಿಐ ಅಥವಾ ಕಾರ್ಡಿನ ಪರದೆ ಬಂದರೆ ಆಟ ಇನ್ನೂ ನಿಮ್ಮ ಖಾತೆಯಿಂದ ಇಳಿದದ್ದೇ ಇರಬೇಕು. ಅದನ್ನು ತೆಗೆದು, ಮಗುವಿನ ಖಾತೆಯಿಂದಲೇ ಮತ್ತೆ ಇಳಿಸಿ. ಪಾವತಿಯ ಸಾಲಿನಲ್ಲಿ Google Play balance ಎಂಬುದಲ್ಲದೆ ಬೇರೆ ಏನಾದರೂ ಕಂಡರೆ ಅದನ್ನು ಖಾತೆಯಿಂದ ಕಿತ್ತುಹಾಕಿ. 16+ ಇರುವ ಒಂದು ಆಟವನ್ನೂ ಹುಡುಕಿ ಇಳಿಸಲು ನೋಡಿ, ಇಳಿಯಬಾರದು.

ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಇರುವ ಮನೆಗಳಲ್ಲಿ ಕೆಲಸ ಇನ್ನೂ ಸುಲಭ. ಎರಡರಲ್ಲೂ ಕುಟುಂಬದ ಗುಂಪು ಮಾಡಿ ಮಗುವಿನ ಖಾತೆಯನ್ನು ಅದರಡಿ ತರಬಹುದು. ಪ್ಲೇಸ್ಟೇಷನ್‌ನಲ್ಲಿ ತಿಂಗಳ ಖರ್ಚಿನ ಮಿತಿಯನ್ನು ನೇರವಾಗಿ ಅಂಕಿಯಲ್ಲೇ ಹಾಕಬಹುದು. ರೋಬ್ಲಾಕ್ಸ್ ಎಂಬ ಆಟದಲ್ಲೂ ಪೋಷಕರ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸಿ ತಿಂಗಳ ಮಿತಿ ಇಡುವ ಅವಕಾಶ ಇದೆ.

ಹಣ ಆಗಲೇ ಹೋಗಿದ್ದರೆ

ಗೊತ್ತಾದ ಗಳಿಗೆಯಲ್ಲೇ ಹೊರಡಿ, ಇಲ್ಲಿ ಗಂಟೆಗಳ ಲೆಕ್ಕ. ಗೂಗಲ್ ಪ್ಲೇ ವೆಬ್‌ಸೈಟಿನಲ್ಲಿ ಖರೀದಿಗಳ ಪಟ್ಟಿ ತೆರೆದು, ಆ ಖರೀದಿಯ ಎದುರು ಹಣ ವಾಪಸ್ ಕೇಳಿ, ಮನೆಯವರು ತಿಳಿಯದೆ ಕೊಂಡದ್ದು ಎಂಬ ಕಾರಣ ಆರಿಸಿ. ಖರೀದಿ ಆಗಿ 48 ಗಂಟೆಯೊಳಗೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಅದು ದಾಟಿದ್ದರೆ ಆಟದ ಕಂಪನಿಗೇ ಬರೆಯಬೇಕು. ಬಾವ ಕೇಳಿದಾಗ ಕೊನೆಯ ಎರಡು ಖರೀದಿಗಳ ಹಣ ವಾಪಸ್ ಬಂತು, ಹಳೆಯವು ಹೋದವು.

ಸಿಟ್ಟಿನಲ್ಲಿ ಬ್ಯಾಂಕಿಗೆ ಫೋನ್ ಮಾಡಿ "ಯಾರೋ ಕದ್ದಿದ್ದಾರೆ" ಎಂದು ಹೇಳಬೇಡಿ. ಗುರುತಿಲ್ಲದವರು ಮಾಡಿದ ಖರೀದಿಗೆ ಬೇರೆ ದಾರಿ ಇದೆ, ಅದನ್ನು 120 ದಿನದೊಳಗೆ ಗೂಗಲ್‌ಗೆ ತಿಳಿಸಬಹುದು. ಸೈಬರ್ ವಂಚನೆಯಾದರೆ 1930 ನಂಬರಿಗೆ ತಕ್ಷಣ ಕರೆ ಮಾಡಬೇಕು. ಮಗು ಮಾಡಿದ್ದನ್ನು ಕಳ್ಳತನ ಎಂದು ಬರೆಸಿದರೆ ಆ ದೂರು ನಿಲ್ಲುವುದಿಲ್ಲ, ಇರುವ ದಾರಿಯೂ ಕೆಡುತ್ತದೆ. ಬಾವನೂ ಫೋನ್ ಎತ್ತಿಕೊಂಡಿದ್ದರು, ಅಕ್ಕ ಕೈ ಹಿಡಿದು ಇಳಿಸಿದಳು.

ನಾನು ಊರಿಗೆ ಮರಳಿದ ಮೂರನೇ ವಾರ ಬಾವ ಅಂಗಡಿಯಿಂದ ಫೋನ್ ಮಾಡಿದರು. ಕೊಬ್ಬರಿ ತೂಗುವ ಹೊತ್ತಿಗೆ ಮಗನ ಮೊದಲ ಕೋರಿಕೆ ಬಂದಿತ್ತಂತೆ, 89 ರೂಪಾಯಿಯದು. ಏನು ಮಾಡಲಿ ಎಂದು ಕೇಳಿದರು. ಅವನ ಖಾತೆಯಲ್ಲಿ ಎಷ್ಟಿದೆ ಎಂದೆ. "ನೂರು" ಎಂದರು. ಹಾಗಾದರೆ ಅದು ಅವನ ದುಡ್ಡು, ಒಪ್ಪಿಬಿಡಿ ಎಂದೆ.